ಬಸಿದ ಕಟ್ಟು, ಉಳಿದ ಕಾಳು

12 ಡಿಸೆಂಬರ್ 2024, ಗುರುವಾರ
ಮೈಸೂರು

ಇವತ್ತು ನನ್ನ ಹತ್ತಿರ ಊಟದ ಸಲಹೆ ಕೇಳೋಕೆ ಕೊನೆಗೆ ಬಂದವರು ಮಂಡ್ಯದ ಕಡೆಯ ತಾಯಿ, ಮಗ. ಮಗನ ಫೋನಿನಲ್ಲಿ ಪಟ್ಟಿ ಸಿದ್ಧವಾಗಿತ್ತು: ದಿನಕ್ಕೆ 1,900 ಕ್ಯಾಲರಿ, 105 ಗ್ರಾಂ ಪ್ರೋಟೀನ್. ತೂಕ 70 ಕೆಜಿ, ಜಿಮ್‌ನಲ್ಲಿ ಭಾರ ಎತ್ತುತ್ತಾನೆ, ಕೆಜಿಗೆ ಒಂದೂವರೆ ಗ್ರಾಂ. ಲೆಕ್ಕ ಸರಿಯಾಗಿಯೇ ಇದೆ. ತಾಯಿಯ ಮುಖ ಮಾತ್ರ ಬಿಗಿದಿತ್ತು.

"ನೋಡವ್ವ, ನಾನು ಇಟ್ಟು ಕಟ್ಟೋ ಹೊತ್ಗೆ ತಕ್ಕಡಿ ತಂದು ಮಡಗ್ತಾನೆ. ಉಣ್ಣೋ ಇಟ್ಟ ಯಾರಾರ ತೂಗ್ತಾರಾ? ನನ್ ಕೈ ಅಡುಗೇಲಿ ಸತ್ವ ಇಲ್ವಂತೆ."

"ಹಂಗಲ್ಲಮ್ಮ ನಾನಂದಿದ್ದು," ಅಂದ ಮಗ. ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿ ಎರಡು ಬಟ್ಟಲು ಹುರುಳಿಕಾಳು ಸಾರು ಹಾಕ್ಕೊತೀನಿ ಮೇಡಂ. ಆ್ಯಪ್‌ನಲ್ಲಿ ಪ್ರೋಟೀನ್ ಚೆನ್ನಾಗೇ ತೋರಿಸುತ್ತೆ" ಅಂದ.

ಬಸ್ಸಾರಾ ಅಂತ ಕೇಳಿದೆ. ಹೌದು, ಬಸ್ಸಾರು. ಅಲ್ಲಿಗೆ ಅರ್ಧ ಜಗಳದ ಮೂಲ ಸಿಕ್ಕಿತು.

ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದುಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರುಬ್ಬುವಾಗ ಒಂದು ಹಿಡಿ ಬೆಂದ ಕಾಳು ಸೇರಿಸುತ್ತಾರೆ, ಅಷ್ಟೇ ಸಾರಿಗೆ ಹೋಗೋದು. ಕಟ್ಟಿನಲ್ಲಿ ರುಚಿಯಿದೆ, ಒಂದಷ್ಟು ಲವಣಾಂಶವೂ ಇದೆ, ಆದರೆ ಪ್ರೋಟೀನಿನ ದೊಡ್ಡ ಪಾಲು ಉಳಿಯೋದು ಕಾಳಿನಲ್ಲೇ. ಹುಡುಗ ಎರಡು ಮುದ್ದೆಗೆ ಸಾರು ಸುರಿದುಕೊಂಡು, ಪಲ್ಯ ನೆಂಚಿಕೊಳ್ಳೋಕೆ ಎರಡು ಚಮಚ ಹಾಕಿಸಿಕೊಂಡು ಏಳುತ್ತಾನೆ. ಉಪ್ಸಾರು ಮಾಡಿದ ದಿನವೂ ಇದೇ ಕಥೆ. ಆ್ಯಪ್‌ಗೆ ಬಸಿಯೋದು ಗೊತ್ತಿಲ್ಲ, ಅದು ಕಾಳು ತೇಲುವ ಸಾಂಬಾರ್ ಅಂದುಕೊಂಡು ಅಂಕಿ ಕೊಡುತ್ತೆ.

ಇದನ್ನು ಹೇಳಿದ ಮೇಲೆ ತಾಯಿ ಮೊದಲ ಸಲ ನಕ್ಕರು. "ನಾನು ದಿನಾ ಬಡ್ಕೊತೀನಿ, ಪಲ್ಯ ತಿನ್ನೋ ಅಂತ!"

ಅವರ ಪಾತ್ರೆಯನ್ನೇ ಹಿಡಿದು ಲೆಕ್ಕ ಹಾಕಿದೆವು. ನಾಲ್ಕು ಜನಕ್ಕೆ ಸುಮಾರು 200 ಗ್ರಾಂ ಒಣ ಹುರುಳಿಕಾಳು ನೆನೆಹಾಕುತ್ತಾರೆ. 100 ಗ್ರಾಂ ಒಣ ಹುರುಳಿಯಲ್ಲಿ ಹತ್ತಿರ ಹತ್ತಿರ 22 ಗ್ರಾಂ ಪ್ರೋಟೀನ್, 320 ಕ್ಯಾಲರಿ. ಅಂದರೆ ಇಡೀ ಪಾತ್ರೆಯಲ್ಲಿ 44 ಗ್ರಾಂ. ಸಮ ಪಾಲಾದರೆ ತಲೆಗೆ 11, ಇವನ ಎರಡು ಚಮಚಕ್ಕೆ ಅದಕ್ಕಿಂತ ಎಷ್ಟೋ ಕಮ್ಮಿ. ರಾಗಿಹಿಟ್ಟು 100 ಗ್ರಾಂಗೆ 320 ಕ್ಯಾಲರಿ, 7 ಗ್ರಾಂ ಪ್ರೋಟೀನ್. ಅವರ ಮನೆ ಮುದ್ದೆಗೆ ಅಷ್ಟು ಹಿಟ್ಟು ಹಿಡಿಯುತ್ತೆ, ಹಾಗಾಗಿ ಎರಡು ಮುದ್ದೆ ಅಂದರೆ 640 ಕ್ಯಾಲರಿಗೆ 14 ಗ್ರಾಂ.

ಬದಲಾವಣೆ ಇಷ್ಟೇ: ಕಾಳು 200ರ ಜಾಗದಲ್ಲಿ 300 ಗ್ರಾಂ, ಮುದ್ದೆ ಒಂದು, ಸಾರು ಬೇಕಾದಷ್ಟು, ಪಲ್ಯದಲ್ಲಿ ಮೂರನೇ ಒಂದು ಪಾಲು ಇವನಿಗೆ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ. ರುಬ್ಬೋಕೆ ಹೋಗುವ ಕಾಳು ಕಳೆದು 90 ಗ್ರಾಂ ಹುರುಳಿಯಿಂದ 20, ಮುದ್ದೆಯಿಂದ 7, ಮೊಟ್ಟೆಯಿಂದ 12; ಒಟ್ಟು 39 ಗ್ರಾಂ. ಒಗ್ಗರಣೆ ಎಣ್ಣೆ ಬಿಟ್ಟರೆ ಕ್ಯಾಲರಿ ಸುಮಾರು 750. ತಾಯಿ ಬದಲಿಸಬೇಕಾದ್ದು ಕಾಳು ಅಳೆಯುವ ಪಾವನ್ನು ಎಷ್ಟು ತುಂಬಬೇಕು ಅನ್ನೋದನ್ನು ಮಾತ್ರ. ಅದನ್ನೂ ಒಂದೇ ಸಲ ತೂಗಿ, ಆಮೇಲೆ ತಕ್ಕಡಿ ಒಳಗಿಡಿ ಅಂದೆ.

ತೂಗಬೇಕಾದ್ದು ಒಣ ಕಾಳನ್ನೇ. ಮೊಳಕೆ ಕಟ್ಟಿದ ಮೇಲೆ ತೂಗಿ, ಒಣ ಕಾಳಿನ ಅಂಕಿ ಹಾಕುವವರು ಬಹಳ ಜನ. ನೀರು ಕುಡಿದು ತೂಕ ದುಪ್ಪಟ್ಟಾಗಿರುತ್ತೆ, ಪ್ರೋಟೀನ್ ಅಷ್ಟೇ ಇರುತ್ತೆ. ಈಗ ಹಸಿ ಅವರೆಕಾಯಿ ಕಾಲ ಬೇರೆ. ಹಸಿ ಅವರೆಕಾಳಿಗೆ ಒಣ ಅವರೆಯ ಲೆಕ್ಕ ಹಾಕಿದರೂ ಇದೇ ಎಡವಟ್ಟು.

ಒಂದೇ ದಿನಕ್ಕೆ 300ಕ್ಕೆ ಹಾರಬಾರದು. ಹೊಟ್ಟೆ ಉಬ್ಬರ ಬಂದರೆ "ಇದೆಲ್ಲ ನಿನ್ನ ಜಿಮ್ಮಿಂದ" ಅಂತ ಮನೆಯಲ್ಲಿ ತೀರ್ಪು ಬಂದುಬಿಡುತ್ತೆ, ಆಮೇಲೆ ಯಾವ ಲೆಕ್ಕವೂ ನಡೆಯಲ್ಲ. ವಾರಕ್ಕೆ ಒಂದು ಹಿಡಿ ಏರಿಸಿ, ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಸಾಕು.

ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ತೊಂದರೆ ಇದೆಯಾ ಅಂತ ಕೇಳಲೇಬೇಕಿತ್ತು, ಕೇಳಿದೆ. ಇಲ್ಲ. ಇದ್ದಿದ್ದರೆ ಅವರ ತಟ್ಟೆಗೆ ಈ ಹೆಚ್ಚಿನ ಪಲ್ಯ ಹೋಗಬಾರದು, ಅವರ ಪಾಲು ಅವರ ಡಾಕ್ಟರು ಹೇಳಿದಷ್ಟೇ.

ಎಣ್ಣೆಯ ಮಾತು ಬಂದಾಗ ಮತ್ತೆ ಬಿಸಿಯಾಯಿತು. ಮಗ ಒಲೆ ಪಕ್ಕ ನಿಂತು "ಅಷ್ಟೊಂದು ಬೇಡ" ಅಂತಾನಂತೆ. ಒಗ್ಗರಣೆ ಹಾಕುವ ಕೈಯನ್ನು ಹಿಂದೆ ನಿಂತು ಕಾದರೆ ಯಾರಿಗಾದರೂ ಸಿಟ್ಟು ಬರುತ್ತೆ. ಕಾಯಬೇಕಾಗಿಯೂ ಇಲ್ಲ. ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದರೆ ಆಯಿತು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, 8,200 ಕ್ಯಾಲರಿ. ನಾಲ್ಕು ಜನರ ಮನೆಯಲ್ಲಿ ಎಂಟು ದಿನಕ್ಕೆ ಮುಗಿದರೆ ದಿನಕ್ಕೆ ತಲೆಗೆ 256. ಹನ್ನೆರಡು ದಿನ ಬಂದರೆ 171. ಬೋಂಡ ಕರಿದು ಮಿಕ್ಕ ಎಣ್ಣೆ ಚೆಲ್ಲಿದ ವಾರ ಈ ಲೆಕ್ಕ ಕೆಡುತ್ತೆ, ಆ ವಾರವನ್ನು ಬಿಟ್ಟುಬಿಡಬೇಕು. ತಾಯಿಗೆ ಇದು ಹಿಡಿಸಿತು. "ಹನ್ನೆರಡು ದಿಸ ತಾನೆ? ಬರಿಸ್ತೀನಿ ಬುಡಿ." ಎಣ್ಣೆ ಉಳಿಸೋದು ಅವರ ಲೆಕ್ಕದಲ್ಲಿ ಸಂಸಾರ ತೂಗಿಸೋ ಕೆಲಸ, ಮಗನ ಡಯಟ್ ಅಲ್ಲ. ಇರಲಿ, ಕೆಲಸ ಆದರೆ ಸರಿ.

ಇನ್ನೊಂದು, ಎರಡನೇ ಸಲ ಬಡಿಸೋದು. ಯಾವ ಪಟ್ಟಿಯಲ್ಲೂ ಇದಕ್ಕೆ ಜಾಗ ಇರಲ್ಲ, ಅಲ್ಲೇ ಎಲ್ಲ ಮುರಿಯೋದು. ತಟ್ಟೆಗೆ ಮೊದಲೇ ಪೂರ್ತಿ ಹಾಕಿಸಿಕೊಂಡು "ಇನ್ನೊಂಚೂರು" ಅಂದಾಗ ಕೈ ಅಡ್ಡ ಹಿಡಿದರೆ, ಬಡಿಸುವವರಿಗೆ ಅದು ಊಟ ಬೇಡ ಅಂದ ಹಾಗೆಯೇ ಕೇಳಿಸುತ್ತೆ. ಅದಕ್ಕೆ ಮೊದಲು ಅರ್ಧ ಮುದ್ದೆ, ಅರ್ಧ ಪಾಲು ಪಲ್ಯ. "ಇನ್ನೊಂಚೂರು" ಅಂದಾಗ ಉಳಿದರ್ಧ. ಅವರೂ ಬಡಿಸಿದ ಹಾಗಾಯಿತು, ಇವನ ಲೆಕ್ಕವೂ ಮೀರಲಿಲ್ಲ. ಮಗನಿಗೆ ಮಾತ್ರ ಬೇರೆಯಾಗಿ ಹೇಳಿದೆ: ಮುದ್ದೆ ತೂಗಬೇಡ, ಎಣಿಸು. 600 ಗ್ರಾಂ ಹಿಟ್ಟಿಗೆ ಆರು ಮುದ್ದೆ ಆದರೆ ಒಂದೊಂದೂ 100 ಗ್ರಾಂ ಹಿಟ್ಟಿನದ್ದು. ಐದೇ ಆಗಿದ್ದರೆ ಯಾರದೋ ಮುದ್ದೆ ದಪ್ಪ ಆಗಿದೆ, ಬಹುಶಃ ನಿನ್ನದೇ.

ಶನಿವಾರ ಅವರ ಮನೆಯಲ್ಲಿ ಮೊಟ್ಟೆ ಒಳಗೆ ಬರಲ್ಲ. ಆ 12 ಗ್ರಾಂಗೆ 25 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ಪಲ್ಯಕ್ಕೇ ಸೇರಿಸಬಹುದು. ತಾಯಿ ಮೂಗು ಮುರಿದರು. ಹಾಗಾದರೆ ಹಾಲು, 400 ಎಂಎಲ್ ಹತ್ತಿರ, ಎರಡು ಸಲಕ್ಕೆ. ಹಾಲಿಗೆ ಒಪ್ಪಿದರು, ಆದರೆ ಸಕ್ಕರೆ ಇಲ್ಲದೆ ಲೋಟ ಕೈಗೆ ಕೊಡಲಾರರಂತೆ. ಒಂದು ಚಮಚ ಸಕ್ಕರೆಗೆ 20 ಕ್ಯಾಲರಿ, ಅದಕ್ಕೋಸ್ಕರ ನಾನು ವಾದ ಮಾಡಲ್ಲ.

ಹೊರಡುವಾಗ ಮಗ ದೋಸೆ ಬಗ್ಗೆ ಕೇಳಿದ, ನಾಳೆ ಬೆಳಗ್ಗೆ ಅದೇ ಅಂತೆ. ದೋಸೆಗೂ ಅಳತೆ ಹಿಟ್ಟಿನಲ್ಲಿ ಅಲ್ಲ, ನೆನೆಹಾಕುವ ಮುಂಚಿನ ಅಕ್ಕಿ-ಉದ್ದಿನಲ್ಲಿ. ಆದರೆ ಅಲ್ಲಿ ಕ್ಯಾಲರಿ ಏರಿಸೋದು ದೋಸೆಗಿಂತ ಕಾಯಿಚಟ್ನಿ, ಅದರಲ್ಲೂ ಅರ್ಧ ಹೋಳು ಕಾಯಿ ಪೂರ್ತಿ ಒಬ್ಬನೇ ತಿಂದರೆ.