ಚಿಕ್ಕಪ್ಪನಿಗೆ ಸೊಳ್ಳೆ ಕಚ್ಚುವುದಿಲ್ಲವಂತೆ

ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಅಡಿಕೆ ತೋಟಕ್ಕೆ ಹೋಗಿದ್ದೆವು. ಸಂಜೆ ನಾಲ್ಕು ಗಂಟೆಗೇ ಸೊಳ್ಳೆ ಶುರು. ಕಪ್ಪು ಮೈ, ಬಿಳಿ ಪಟ್ಟೆಯ ಕಾಲು, ಹಗಲಲ್ಲೇ ಕಚ್ಚುವ ಜಾತಿ. ಬಿದ್ದ ಹಾಳೆಯಲ್ಲಿ ನಿಂತ ನೀರು ಸಾಕು ಅವಕ್ಕೆ. ಅತ್ತಿಗೆಯ ಕೈಕಾಲೆಲ್ಲ ಕೆಂಪು ಗುಳ್ಳೆ ಎದ್ದಿದ್ದವು.

"ನಿನ್ನ ರಕ್ತ ಸಿಹಿ ಕಣೇ. ನಂಗೆ ನೋಡು, ಕಚ್ಚೋದೇ ಇಲ್ಲ" ಅಂದರು ಚಿಕ್ಕಪ್ಪ. ಹಾಗೆ ಹೇಳುವಾಗಲೇ ಅವರ ಮೊಣಕೈ ಮೇಲೆ ಎರಡು ಸೊಳ್ಳೆ ಹೊಟ್ಟೆ ಕೆಂಪಗೆ ಮಾಡಿಕೊಂಡು ಕೂತಿದ್ದವು! ಅವು ಹಾರಿದ ಮೇಲೆ ಆ ಜಾಗವನ್ನೇ ನೋಡುತ್ತಾ ಕೂತೆ. ಗುಳ್ಳೆ ಏಳಲೇ ಇಲ್ಲ.

ತುರಿಕೆ ಬರುವುದು ಸೊಳ್ಳೆಯ ಎಂಜಲಿಗೆ ನಮ್ಮ ಮೈ ಸಿಡಿಮಿಡಿಗೊಳ್ಳುವುದರಿಂದ. ವರ್ಷಗಟ್ಟಲೆ ಒಂದೇ ಜಾತಿಯ ಸೊಳ್ಳೆ ಕಚ್ಚುತ್ತಿದ್ದರೆ ಎಷ್ಟೋ ಜನರಲ್ಲಿ ಆ ಸಿಟ್ಟು ತಣ್ಣಗಾಗುತ್ತದೆ. ಹುಟ್ಟಿದಾಗಿನಿಂದ ತೋಟದಲ್ಲೇ ಇರುವ ಚಿಕ್ಕಪ್ಪನದು ಅದೇ ಕತೆ ಇರಬೇಕು. ಊದಿದ ಗುಳ್ಳೆ ಎಣಿಸಿ ಯಾರಿಗೆ ಜಾಸ್ತಿ ಕಚ್ಚಿತು ಅಂತ ಹೇಳಲಾಗದು, ಅಲ್ವಾ?

ಹಾಗಂತ ಸೊಳ್ಳೆಗೆ ಆಯ್ಕೆಯೇ ಇಲ್ಲ ಅಂತಲ್ಲ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ನಾವು ಬಿಡುವ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಅದನ್ನು ದೂರದಿಂದಲೇ ಎಚ್ಚರಿಸುತ್ತದೆ. ದಪ್ಪ ಮೈಯವರು, ಗರ್ಭಿಣಿಯರು ಇದನ್ನು ಜಾಸ್ತಿ ಬಿಡುತ್ತಾರೆ. ಹತ್ತಿರ ಬಂದ ಮೇಲೆ ಮೈ ಬಿಸಿ ಮತ್ತು ಚರ್ಮದ ವಾಸನೆಯ ಲೆಕ್ಕ.

ಈ ವಾಸನೆಯ ಬಗ್ಗೆ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. 64 ಜನರ ಮುಂಗೈಗೆ ನೈಲಾನ್ ಕಾಲುಚೀಲ ಹಾಕಿಸಿದರು, ದಿನಕ್ಕೆ ಆರು ಗಂಟೆ. ಆಮೇಲೆ ಇಬ್ಬಿಬ್ಬರ ನೈಲಾನ್ ತುಂಡುಗಳನ್ನು ಎರಡು ಕೊಳವೆಗಳ ಹಿಂದೆ ಇಟ್ಟು, ಹಗಲಲ್ಲಿ ಕಚ್ಚಿ ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಜಾತಿಯ ಸೊಳ್ಳೆಗಳನ್ನು ಬಿಟ್ಟರು. ಯಾವ ಕಡೆ ಜಾಸ್ತಿ ಹೋಗುತ್ತವೆ ಅಂತ ಎಣಿಕೆ. ಅಲ್ಲಿ ರಕ್ತವೇ ಇಲ್ಲ, ಬರೀ ವಾಸನೆ. ಆದರೂ ಗೆದ್ದವರೇ ಗೆಲ್ಲುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವರಿಗೂ ಕೊನೆಯವರಿಗೂ ನೂರು ಪಟ್ಟಿಗೂ ಮೀರಿದ ಅಂತರ. ವರ್ಷಗಳ ನಂತರ ಅವರಲ್ಲಿ ಕೆಲವರನ್ನೇ ಮತ್ತೆ ಪರೀಕ್ಷಿಸಿದಾಗಲೂ ಹೆಚ್ಚೇನೂ ಬದಲಾಗಿರಲಿಲ್ಲ. ಸೊಳ್ಳೆಗೆ ಪ್ರಿಯರಾದವರ ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲಗಳು ಜಾಸ್ತಿ ಸಿಕ್ಕವು. ಚರ್ಮದ ಎಣ್ಣೆಯಿಂದ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಂದ ಬರುವ ವಸ್ತುಗಳಿವು. ಆದರೆ ಅದು ಒಂದೇ ಜಾತಿಯ ಸೊಳ್ಳೆಯ ಲೆಕ್ಕ. ರಾತ್ರಿ ಕಚ್ಚುವ ಬೇರೆ ಜಾತಿಗಳಿಗೂ ಹೀಗೇ ಅನ್ನುವಂತಿಲ್ಲ.

'ಓ' ಗುಂಪಿನ ರಕ್ತಕ್ಕೆ ಸೊಳ್ಳೆ ಜಾಸ್ತಿ ಅನ್ನುವ ಮಾತೂ ಇದೆ. ಪ್ರಯೋಗಗಳ ಫಲಿತಾಂಶ ಒಂದೇ ಥರ ಇಲ್ಲ, ನನಗಂತೂ ನಂಬಿಕೆಯಿಲ್ಲ.

ಅತ್ತಿಗೆಯ ವಾಸನೆ ಸೊಳ್ಳೆಗೆ ನಿಜಕ್ಕೂ ಇಷ್ಟವೋ, ಬರೀ ಅವಳ ಚರ್ಮವೇ ಬೇಗ ಊದುವುದೋ, ತೋಟದಲ್ಲಿ ಕೂತು ಹೇಳಲಾಗುವುದಿಲ್ಲ. ಚಿಕ್ಕಪ್ಪನ ವಿಷಯವೇ ನನಗೆ ಜಾಸ್ತಿ ಯೋಚನೆ. ಊದದಿದ್ದರೂ ಡೆಂಗಿ ವೈರಸ್ ಒಳಗೆ ಹೋಗಬಹುದು. ಅವರು ಮಾತ್ರ "ಕಚ್ಚಲ್ಲ ಬಿಡೋ" ಅಂತ ಸೊಳ್ಳೆ ಕ್ರೀಮನ್ನು ಅತ್ತಿಗೆ ಕಡೆಗೇ ತಳ್ಳಿದರು.