ಕೋಟೆ ಕೈಕೊಟ್ಟ ಮೇಲೆ

ಚಿತ್ರದುರ್ಗಕ್ಕೆ ಏಪ್ರಿಲ್‌ನಲ್ಲಿ, ಅದೂ ಸಾಲು ರಜೆಯಲ್ಲಿ ಹೋದರೆ ಕೋಟೆಯಲ್ಲಿ ಏನಾಗುತ್ತದೋ ನಮಗೂ ಅದೇ ಆಯಿತು. ಹನ್ನೊಂದಕ್ಕೆ ಹತ್ತಲು ಶುರು ಮಾಡಿದ್ದು. ಬಂಡೆಯೆಲ್ಲ ಕಾದಿತ್ತು, ನೆರಳು ಸಿಕ್ಕಿದ್ದು ಹೆಬ್ಬಾಗಿಲುಗಳ ಕೆಳಗೆ ಮಾತ್ರ, ಓಬವ್ವನ ಕಿಂಡಿ ಹತ್ತಿರ ಕಾಲಿಡಲು ಜಾಗವಿಲ್ಲ. ಅಪ್ಪನ ಮಂಡಿ ಅಲ್ಲೇ ಕೈಕೊಟ್ಟಿತು. ಮೇಲಿನ ಏಕನಾಥೇಶ್ವರಿ ಗುಡಿಗೆ ಹೋಗದೇ ಇಳಿದೆವು.

"ರಾತ್ರಿ ಬಸ್ಸಿಗೆ ಊರಿಗೆ ಹೋಗೋಣ ಬಿಡೋ" ಅಂದ ತಮ್ಮ. ಪ್ಲಾನ್ ಇದ್ದದ್ದೇ ಉಳಿದ ದಿನವೆಲ್ಲ ಕೋಟೆ ಸುತ್ತುವುದು, ಹಾಗಾಗಿ ಅವನು ಹೇಳಿದ್ದರಲ್ಲೂ ತಪ್ಪೇನಿರಲಿಲ್ಲ. ಆದರೆ ನಮ್ಮನ್ನು ಸೋಲಿಸಿದ್ದು ಊರಲ್ಲ, ಏರು ಮತ್ತು ಬಿಸಿಲು, ಅಲ್ವಾ? ಏರಿಲ್ಲದ, ನೀರು ನೆರಳು ಇರುವ ಜಾಗ ಹುಡುಕಿದರೆ ಸಾಕು. ಲಾಡ್ಜಿನಲ್ಲಿ ಕೇಳಿದೆ. "ನಾಳೆ ಹನ್ನೆರಡರೊಳಗೆ ರೂಮ್ ಬಿಟ್ರೆ ಮುಂದಿನ ದಿನದ್ದು ಬೇಡ ಸಾರ್" ಅಂದರು. ವಾಪಸ್ ಟಿಕೆಟ್ ಇನ್ನೂ ಮಾಡಿರಲಿಲ್ಲ. ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲೇ ಇದೆ, ಚಿತ್ರದುರ್ಗದ ಹಾಗೆ ಕವಲು ದಾರಿಯಲ್ಲಿಲ್ಲ. ಹಾಗಾಗಿ ಮುಂದಿನ ರಾತ್ರಿ ಅಲ್ಲೇ ಉಳಿಯುವುದು ಅಂತಾಯಿತು.

ಬೆಳಗ್ಗೆ ಬಿಸಿಲೇರುವ ಮೊದಲೇ ಚಂದ್ರವಳ್ಳಿ. ಊರ ಪಕ್ಕದಲ್ಲೇ ಇದೆ, ಆದರೂ ಕೋಟೆಗೆ ಬಂದವರಲ್ಲಿ ಅರ್ಧ ಜನ ಇತ್ತ ಬರುವುದೇ ಇಲ್ಲ. ಕದಂಬರ ಮಯೂರಶರ್ಮನ ಶಾಸನ ಇಲ್ಲಿನ ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲಿದೆ, 4ನೇ ಶತಮಾನದ್ದು. ಅಂಕಲಿ ಮಠದ ಗುಹೆಗಳಲ್ಲಿ ಹಾಡಹಗಲೇ ಕಗ್ಗತ್ತಲು, ಟಾರ್ಚ್ ಇಲ್ಲದೆ ಇಳಿಯಬಾರದು, ಕೆಲವು ಕಡೆ ಬಗ್ಗಿಯೇ ನಡೆಯಬೇಕು. ಅಪ್ಪ ಕೆರೆ ದಡದಲ್ಲಿ ಕೂತರು, ನಾವು ಒಳಗೆ ಹೋದೆವು. ಹೊರಗೆ ಸುಡುವ ದಿನವೂ ಗುಹೆಯೊಳಗೆ ತಣ್ಣಗಿತ್ತು.

ಹನ್ನೆರಡಕ್ಕೆ ಮೊದಲೇ ರೂಮ್ ಬಿಟ್ಟು ಬಾಡಿಗೆ ಕಾರು ಮಾಡಿಕೊಂಡು ಹೊಳಲ್ಕೆರೆ ಕಡೆಯಿಂದ ಸಂತೇಬೆನ್ನೂರಿಗೆ ಹೋದೆವು. ಇದು ದಾವಣಗೆರೆ ಜಿಲ್ಲೆ. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಮಧ್ಯದಲ್ಲಿ ಮಂಟಪ. ಮೆಟ್ಟಿಲು ಇಳಿಯಲೇಬೇಕೆಂದಿಲ್ಲ, ದಡದಲ್ಲಿ ನಿಂತರೂ ಪೂರ್ತಿ ಕಾಣುತ್ತದೆ. ಅಪ್ಪನಿಗೆ ಬೇಕಿದ್ದದ್ದೂ ಅದೇ. ಪಕ್ಕದ ಮುಸಾಫಿರ್‌ಖಾನಾದ ಕಲ್ಲಿನ ಹಜಾರದ ನೆರಳಲ್ಲಿ ಸುಮ್ನೆ ಕಾಲು ಚಾಚಿ ಕೂತರು, ಬಿಸಿಲು ಇಳಿಯುವವರೆಗೂ ಏಳಲೇ ಇಲ್ಲ.

ಸಂಜೆ ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ, ಬೆಳಗ್ಗೆ ಬೆಣ್ಣೆ ದೋಸೆ. ಅದರ ಬಗ್ಗೆ ಬರೆಯುವುದೇನಿದೆ, ಎಲ್ಲರಿಗೂ ಗೊತ್ತು. ಆಮೇಲೆ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ ಕಟ್ಟಿದ ಹರಿಹರೇಶ್ವರ ಗುಡಿ. ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಗುಡಿ ಸಮತಟ್ಟು ನೆಲದಲ್ಲಿದೆ, ಮಂಟಪದ ಕಂಬಗಳ ನಡುವೆ ಅಪ್ಪ ಕೋಲಿಲ್ಲದೆ ಓಡಾಡಿದರು.

ಕಾರಿನ ಬಾಡಿಗೆ ಲಾಡ್ಜಿನಲ್ಲಿ ಉಳಿದ ದುಡ್ಡಿಗಿಂತ ಜಾಸ್ತಿಯೇ ಆಯಿತು. ತಮ್ಮ ರೈಲಿನಲ್ಲಿ ಅದರ ಲೆಕ್ಕ ಹಾಕುತ್ತಿದ್ದ, ಅಪ್ಪ ಕೇಳಿಸಿಕೊಳ್ಳಲಿಲ್ಲ.