ಸೋರುತ್ತಿರುವುದು ಮಾಡೆಲ್ ಅಲ್ಲ, ನಿಮ್ಮ ಕಾಲಂ

“ನನ್ನ ಎಕ್ಸ್‌ಜಿಬೂಸ್ಟ್ ಮಾಡೆಲ್ ಟೆಸ್ಟ್ ಡೇಟಾದಲ್ಲಿ ಶೇ. 70ಕ್ಕಿಂತ ಹೆಚ್ಚು ಸರಿ ಹೇಳುತ್ತೆ. ನಿಜವಾದ ಪಂದ್ಯಕ್ಕೆ ದುಡ್ಡು ಕಟ್ಟಿದ್ರೆ ಮಾತ್ರ ಸೋಲ್ತಾನೇ ಇದೆ. ಯಾವ ಪ್ಯಾರಾಮೀಟರ್ ಬದಲಾಯಿಸ್ಲಿ?”

ಯಾವುದನ್ನೂ ಬದಲಾಯಿಸಬೇಡಿ. ಫುಟ್‌ಬಾಲ್‌ನಲ್ಲಿ ಗೆಲುವು, ಡ್ರಾ, ಸೋಲು ಎಂಬ ಮೂರು ಫಲಿತಾಂಶಗಳಿವೆ. ಇದನ್ನೇ ಕಸುಬಾಗಿಸಿಕೊಂಡ ಬುಕ್ಕಿಗಳು ನೆಚ್ಚಿನ ತಂಡವೆಂದು ಗುರುತಿಸಿದ ತಂಡವೇ ದೊಡ್ಡ ಲೀಗ್‌ಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಂದ್ಯಗಳನ್ನಷ್ಟೇ ಗೆಲ್ಲುತ್ತದೆ. ಹಾಗಿರುವಾಗ ಮನೆಯಲ್ಲಿ ಕುಳಿತು ಒಂದು ಸಿಎಸ್‌ವಿ ಕಡತದಿಂದ ನೀವು ಶೇ. 70 ತೆಗೆದಿದ್ದೀರಿ ಎಂದರೆ, ಅಭಿನಂದಿಸುವ ಮೊದಲು ನಾನು ನಿಮ್ಮ ಕೋಡ್ ನೋಡಬೇಕಾಗುತ್ತದೆ. ಈ ಮಾತು ಹೇಳಿದಾಗಲೆಲ್ಲ ಎದುರಿನವರ ಮುಖ ಬಾಡುವುದನ್ನು ಕಂಡಿದ್ದೇನೆ. ಅದಕ್ಕಾಗಿಯೇ ಇದನ್ನು ಒಮ್ಮೆ ಬರೆದಿಟ್ಟುಬಿಡುತ್ತಿದ್ದೇನೆ.

ನನಗೆ ಈ ವಿಷಯದಲ್ಲಿ ಜಂಬವಿಲ್ಲ, ಏಕೆಂದರೆ ನನ್ನ ಮೊದಲ ಮಾಡೆಲ್ ಶೇ. 71 ತೋರಿಸಿತ್ತು. ಅದರ ಪ್ರಮುಖ ಫೀಚರ್ ‘ಕಳೆದ ಐದು ಪಂದ್ಯಗಳಲ್ಲಿ ತಂಡದ ಸರಾಸರಿ ಗೋಲು’. ಬರೆದದ್ದು ಎರಡನೆಯ ಸಾಲು, ಅದರ ಬದಲು ಬರೆಯಬೇಕಾಗಿದ್ದದ್ದು ಮೂರನೆಯದು:

```python
g = df.sort_values("date").groupby("team")["goals"]
df["form5"] = g.transform(lambda s: s.rolling(5).mean())
df["form5"] = g.transform(lambda s: s.shift(1).rolling(5).mean())
```

`rolling(5)` ತಾನು ನಿಂತಿರುವ ಸಾಲನ್ನೂ ಸೇರಿಸಿಕೊಂಡೇ ಐದು ಎಣಿಸುತ್ತದೆ. ತಂಡವೊಂದು ಹಿಂದಿನ ಐದು ಪಂದ್ಯಗಳಲ್ಲಿ 1, 0, 1, 1, 0 ಗೋಲು ಹೊಡೆದು, ಇಂದಿನ ಪಂದ್ಯವನ್ನು 3–0 ಅಂತರದಲ್ಲಿ ಗೆದ್ದಿದೆ ಎಂದುಕೊಳ್ಳಿ. ಪಂದ್ಯಕ್ಕೆ ಮೊದಲು ನಮಗೆ ತಿಳಿದಿರಬಹುದಾದ ಸರಾಸರಿ 0.6. ನನ್ನ ಕಾಲಂನಲ್ಲಿದ್ದದ್ದು 0, 1, 1, 0, 3ರ ಸರಾಸರಿ, ಅಂದರೆ 1.0. ಎದುರಾಳಿ ತಂಡ ಹಿಂದಿನ ಐದರಲ್ಲಿ 1, 1, 0, 1, 1 ಗೋಲು ಬಿಟ್ಟುಕೊಟ್ಟಿದ್ದರೆ, ಅದರ ‘ಬಿಟ್ಟುಕೊಟ್ಟ ಗೋಲು’ ಸರಾಸರಿಯೂ 0.8ರಿಂದ 1.2ಕ್ಕೆ ಜಿಗಿದಿರುತ್ತದೆ. ಒಂದೇ ಫಲಿತಾಂಶ ಒಂದೇ ಸಾಲಿನಲ್ಲಿ ಎರಡು ಕಡೆ ಹೆಜ್ಜೆಗುರುತು ಬಿಟ್ಟಿರುತ್ತದೆ. ಮೊದಲ ಕಾಲಂನ ಮೇಲೆ ಕವಲೊಡೆದು, ಆ ಕವಲಿನೊಳಗೆ ಎರಡನೆಯದರ ಮೇಲೆ ಮತ್ತೆ ಕವಲೊಡೆಯುವುದೇ ನಿರ್ಧಾರ ವೃಕ್ಷದ ಕೆಲಸ. ಎಕ್ಸ್‌ಜಿಬೂಸ್ಟ್ ಬಳಸುವ ಗ್ರೇಡಿಯೆಂಟ್ ಬೂಸ್ಟಿಂಗ್‌ನಲ್ಲಿ ಪ್ರತಿ ಹೊಸ ವೃಕ್ಷವೂ ಹಿಂದಿನವು ಉಳಿಸಿದ ತಪ್ಪನ್ನು ಹುಡುಕಿಕೊಂಡು ಹೋಗುವುದರಿಂದ, ಇಂಥ ಮಸುಕಾದ ಗುರುತುಗಳನ್ನೂ ನೂರಾರು ವೃಕ್ಷಗಳು ಸೇರಿ ಕೆದಕಿ ತೆಗೆಯುತ್ತವೆ.

ಮುಂದಿನ ವಾರದ ಪಂದ್ಯಗಳಿಗೆ ಅದನ್ನೇ ಓಡಿಸಿದೆ. ಇನ್ನೂ ಆಡದ ಪಂದ್ಯದ ಗೋಲಿನ ಜಾಗ ಖಾಲಿ; ಹಾಗಾಗಿ `rolling(5)` ಅಲ್ಲಿ `NaN` ಕೊಟ್ಟಿತು. ಎಕ್ಸ್‌ಜಿಬೂಸ್ಟ್ ಅದಕ್ಕೆ ಚಕಾರವೆತ್ತುವುದಿಲ್ಲ, ಖಾಲಿ ಮೌಲ್ಯ ಬಂದರೆ ಯಾವ ಕವಲಿಗೆ ಹೋಗಬೇಕೆಂಬುದನ್ನು ಪ್ರತಿ ಕವಲಿನಲ್ಲೂ ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಬಂದ ಫಲ, ಎಲ್ಲ ಪಂದ್ಯಗಳಿಗೂ ಹೆಚ್ಚುಕಡಿಮೆ ಒಂದೇ ಸಂಭವನೀಯತೆ. ನಾನು ಎರಡು ವಾರ `max_depth` ಮತ್ತು `learning_rate` ಬದಲಿಸುತ್ತ ಕುಳಿತಿದ್ದೆ, ಹಣ ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಪ್ಯಾರಾಮೀಟರ್ ಎಂಬ ಪದ ಕೇಳಿದರೆ ನನಗೆ ಸಿಟ್ಟು ಬರುವುದಕ್ಕೆ ಇದೇ ಕಾರಣ.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೂ “ಆದರೆ ನಾನು ಡೇಟಾವನ್ನು ಕಾಲದ ಪ್ರಕಾರವೇ ವಿಭಜಿಸಿದ್ದೇನೆ” ಎನ್ನುತ್ತಾರೆ. ನಾನೂ ವಿಭಜಿಸಿದ್ದೆ. ಕಾಲದ ವಿಭಜನೆ ಬೇಕೇ ಬೇಕು. scikit-learnನ `train_test_split` ನೀವು ಬೇಡವೆನ್ನದಿದ್ದರೆ ಸಾಲುಗಳನ್ನು ಕಲಸಿಬಿಡುತ್ತದೆ. ಪ್ರತಿ ಪಂದ್ಯಕ್ಕೂ ಆತಿಥೇಯರ ಕಡೆಯಿಂದ ಒಂದು, ಪ್ರವಾಸಿಗಳ ಕಡೆಯಿಂದ ಒಂದು ಎಂದು ಎರಡು ಸಾಲು ಇಟ್ಟಿದ್ದರೆ, ಒಂದು ಟ್ರೈನಿಂಗ್‌ಗೂ ಅದರ ಜೋಡಿ ಟೆಸ್ಟ್‌ಗೂ ಹೋಗಿ ಬೀಳಬಹುದು. ತಂಡದ ಹೆಸರೇ ಫೀಚರ್ ಆಗಿದ್ದರೆ, ಋತುವಿನ ಕೊನೆಯಲ್ಲಿ ಕುಸಿದ ತಂಡ ಕುಸಿಯಲಿದೆ ಎಂಬುದು ಋತುವಿನ ಆರಂಭದ ಪಂದ್ಯಕ್ಕೇ ಗೊತ್ತಾಗಿಬಿಡುತ್ತದೆ. ಆದ್ದರಿಂದ 2015ರಿಂದ 2021ರವರೆಗೆ ಟ್ರೈನಿಂಗ್, ಎಷ್ಟು ವೃಕ್ಷಗಳಿಗೆ ನಿಲ್ಲಿಸಬೇಕೆಂದು ತೀರ್ಮಾನಿಸಲು 2022, ಕೊನೆಗೊಮ್ಮೆ ಮಾತ್ರ ಮುಟ್ಟಲು 2023 ಎಂದು ಇಡುವುದೇ ಸರಿ. ನಿಲ್ಲಿಸುವ ತೀರ್ಮಾನಕ್ಕೂ 2023ನ್ನೇ ಬಳಸುವವರು ಬಹಳ ಮಂದಿ. ಹಾಗೆ ಮಾಡಿದರೆ ಅದು ಟೆಸ್ಟ್ ಡೇಟಾ ಆಗಿ ಉಳಿಯುವುದಿಲ್ಲ.

ಆದರೆ ಈ ಗೋಡೆ ಎರಡು ಸಾಲುಗಳ ನಡುವೆ ನಿಲ್ಲುತ್ತದೆ, ಸಾಲಿನ ಒಳಗೆ ನಿಲ್ಲುವುದಿಲ್ಲ. ನನ್ನ `form5` ವಿಭಜನೆಗೂ ಮೊದಲೇ ಕೆಟ್ಟಿತ್ತು. 2023ರ ಪ್ರತಿ ಸಾಲೂ ತನ್ನದೇ ಉತ್ತರವನ್ನು ಮಡಿಲಲ್ಲಿಟ್ಟುಕೊಂಡು ಬಂದಿತ್ತು, ಮಾಡೆಲ್ ಅದನ್ನು ಓದಿ ಹೇಳಿತು ಅಷ್ಟೆ. ಟ್ರೈನಿಂಗ್ ಮತ್ತು ಟೆಸ್ಟ್ ಎರಡೂ ಒಂದೇ ರೀತಿ ಕೆಟ್ಟಿದ್ದಾಗ ಅವೆರಡರ ಅಂಕಗಳು ಹೊಂದಿಕೊಳ್ಳುತ್ತವೆ, ನೋಡುವವರಿಗೆ ಓವರ್‌ಫಿಟ್ಟಿಂಗ್ ಇಲ್ಲವೆಂಬ ಸಮಾಧಾನವೂ ಆಗುತ್ತದೆ.

ಒಬ್ಬರಾದರೂ ನನ್ನನ್ನು ಹೀಗೆ ಕೇಳಿದ್ದರೆ ಸಂತೋಷಪಡುತ್ತಿದ್ದೆ: “ಈ ಸಾಲಿನ ಪ್ರತಿಯೊಂದು ಅಂಕಿಯೂ ಬಾಜಿ ಕಟ್ಟುವ ಗಳಿಗೆಯಲ್ಲಿ ನನ್ನ ಕೈಯಲ್ಲಿ ಇತ್ತೆಂದು ಪರೀಕ್ಷಿಸುವುದು ಹೇಗೆ?” ಇದಕ್ಕೆ ಉತ್ತರ ಹೇಳಲು ನನಗೆ ಬೇಸರವೇ ಇಲ್ಲ. ಡೇಟಾದ ನಡುವಿನಿಂದ ಒಂದು ಪಂದ್ಯವನ್ನು ಆರಿಸಿ, ಮೂಲ ಕಡತದಲ್ಲಿ ಅದರ ಫಲಿತಾಂಶವನ್ನು 99–0 ಎಂದು ತಿದ್ದಿ, ಎಲ್ಲ ಫೀಚರ್‌ಗಳನ್ನೂ ಮೊದಲಿನಿಂದ ಮತ್ತೆ ಕಟ್ಟಿರಿ. ಆ ಪಂದ್ಯದ ಸಾಲಿನಲ್ಲಾಗಲಿ ಅದಕ್ಕಿಂತ ಹಿಂದಿನ ಸಾಲುಗಳಲ್ಲಾಗಲಿ, ಗೋಲಿನ ಕಾಲಂ ಮತ್ತು ಫಲಿತಾಂಶದ ಕಾಲಂ ಹೊರತಾಗಿ, ಒಂದೇ ಒಂದು ಅಂಕಿಯೂ ಅಲುಗಬಾರದು. ಆ ಪಂದ್ಯದ ಸಾಲು ಅಲುಗಿದರೆ `shift(1)` ಮರೆತಿದ್ದೀರಿ, ಇಲ್ಲವೇ ತಂಡದ ಬಲ ಅಳೆಯುವ ಎಲೋ ರೇಟಿಂಗ್‌ನ ಪಂದ್ಯದ ನಂತರದ ಅಂಕಿಯನ್ನು ಪಂದ್ಯಕ್ಕೆ ಮೊದಲಿನದೆಂದು ಹಚ್ಚಿದ್ದೀರಿ. ಹಿಂದಿನ ಸಾಲುಗಳೂ ಅಲುಗಿದರೆ ಇಡೀ ಋತುವಿನ ಸರಾಸರಿಯನ್ನೋ, ಅಂಕಪಟ್ಟಿಯ ಅಂತಿಮ ಸ್ಥಾನವನ್ನೋ ಎಲ್ಲ ಪಂದ್ಯಗಳಿಗೂ ಅಂಟಿಸಿದ್ದೀರಿ. ನನ್ನ ಹಳೆಯ ಕೋಡ್‌ನಲ್ಲಿ 11 ಕಾಲಂಗಳು ಅಲುಗಿದವು. ಗೋಲಿನ ಸರಾಸರಿಯೊಂದರಲ್ಲೇ ತಪ್ಪಿದೆ ಎಂದು ನಂಬಿಕೊಂಡಿದ್ದೆ.

ಈ ಪರೀಕ್ಷೆಗೆ ಸಿಗದ ಒಂದು ಸೋರಿಕೆಯಿದೆ. ಅದು ಆಡ್ಸ್‌ನದು, ಅಂದರೆ ಬಾಜಿಗೆ ಬುಕ್ಕಿ ಇಡುವ ಬೆಲೆಯದು. ಹಳೆಯ ಡೇಟಾದಲ್ಲಿ ಸಾಮಾನ್ಯವಾಗಿ ಸಿಗುವ ಕ್ಲೋಸಿಂಗ್ ಆಡ್ಸ್ ಎಂದರೆ ಪಂದ್ಯ ಶುರುವಾಗುವ ಕ್ಷಣದ ಬೆಲೆ. ಆ ಹೊತ್ತಿಗೆ ಆಡುವ ಹನ್ನೊಂದು ಮಂದಿ ಯಾರೆಂಬುದು ಪ್ರಕಟವಾಗಿರುತ್ತದೆ, ಗಾಯಗೊಂಡು ಹೊರಗುಳಿದವರ ಸುದ್ದಿ ಬೆಲೆಯಲ್ಲಿ ಸೇರಿರುತ್ತದೆ. ನೀವು ಬಾಜಿ ಕಟ್ಟುವುದು ಹಿಂದಿನ ದಿನ ಸಂಜೆಯಾದರೆ, ಕ್ಲೋಸಿಂಗ್ ಆಡ್ಸ್ ನಿಮ್ಮ ಪಾಲಿಗೆ ಭವಿಷ್ಯವೇ. ಅದನ್ನು ಫೀಚರ್ ಆಗಿ ಕೊಟ್ಟು, ಹಿಂದಿನ ದಿನದ ಬೆಲೆಯಲ್ಲಿ ಲಾಭ ಲೆಕ್ಕ ಹಾಕಿದರೆ ಕಾಗದದ ಮೇಲೆ ಯಾರು ಬೇಕಾದರೂ ಶ್ರೀಮಂತರಾಗಬಹುದು. ಫಲಿತಾಂಶ ತಿದ್ದಿದರೆ ಈ ಕಾಲಂ ಅಲುಗುವುದಿಲ್ಲವಾದ್ದರಿಂದ, ಪ್ರತಿ ಬೆಲೆಯ ಪಕ್ಕದಲ್ಲೂ ಅದನ್ನು ದಾಖಲಿಸಿದ ಸಮಯವನ್ನು ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಆ 11 ಕಾಲಂಗಳನ್ನು ಸರಿಪಡಿಸಿದ ಮೇಲೆ ನನ್ನ ಶೇ. 71 ಇಳಿದು ಶೇ. 52ಕ್ಕೆ ಬಂದು ನಿಂತಿತು. ಅದೇ ಪಂದ್ಯಗಳಲ್ಲಿ ಬುಕ್ಕಿಯ ನೆಚ್ಚಿನ ತಂಡವನ್ನೇ ಕಣ್ಣು ಮುಚ್ಚಿ ಆರಿಸಿದ್ದರೆ ಶೇ. 53 ಸಿಗುತ್ತಿತ್ತು.